ಕಟ್ಟಿಸಿದರು, ಕಟ್ಟಿಸಿದಿರಿ

“ಹಿರಿಯರ ಹೆಸರು ಹಿಡಿದು ಬರೆಯುವಾಗ ‘ಬಸಪ್ಪನವರೇ’ ಅನ್ನೋದು ಸರಿಯಾ, ‘ಬಸಪ್ಪ ರವರೇ’ ಅನ್ನೋದು ಸರಿಯಾ? ಯಾವುದರಲ್ಲಿ ಮರ್ಯಾದೆ ಜಾಸ್ತಿ?”

‘ಬಸಪ್ಪನವರೇ’ ಸರಿ. ‘ಬಸಪ್ಪ ಅವರೇ’ ಅಂತ ಬಿಡಿಸಿ ಬರೆದರೂ ಸರಿ. ‘ಬಸಪ್ಪ ರವರೇ’ ತಪ್ಪು.

ದಾವಣಗೆರೆಯ ಒಂದು ಪ್ರೆಸ್ಸಿನಲ್ಲಿ ಕೂತು ಲಗ್ನಪತ್ರಿಕೆ, ಬ್ಯಾನರ್, ಬಿನ್ನವತ್ತಳೆ ಟೈಪ್ ಮಾಡುವುದು ನನ್ನ ಕೆಲಸ. ಈ ಪ್ರಶ್ನೆಗೆ ಫೋನಿನಲ್ಲಿ ಹೇಳಿದ್ದೇನೆ, ಕೌಂಟರಿನಲ್ಲಿ ಹೇಳಿದ್ದೇನೆ, ಮದುವೆ ಊಟಕ್ಕೆ ಕೂತಾಗಲೂ ಹೇಳಿದ್ದೇನೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

‘ರವರು’ ಎಲ್ಲಿಂದ ಬಂತು ಅಂದರೆ, ರಾಯರು, ಗೌಡರು ಅನ್ನುವಂಥ ಹೆಸರುಗಳಿಂದ. ರಾಯರು, ಅವರು ಎರಡೂ ಕೂಡಿದರೆ ‘ರಾಯರವರು’. ಅಲ್ಲಿರುವ ‘ರ’ ರಾಯರದ್ದು. ಯಾರೋ ಅದನ್ನು ಹೆಸರಿನಿಂದ ಕಿತ್ತು ‘ರವರು’ ಅಂತ ಒಂದು ಹೊಸ ಪದ ಮಾಡಿದರು. ಈಗ ಬಸಪ್ಪನಿಗೂ ಅದೇ, ಗೌರಮ್ಮನಿಗೂ ಅದೇ. ಅಪ್ಪ, ಅಮ್ಮ, ಅಯ್ಯ, ಅಣ್ಣ ಅಂತ ಮುಗಿಯುವ ಹೆಸರಿಗೆ ನಡುವೆ ‘ನ’ ಬರುತ್ತದೆ. ಪಕ್ಕದ ಚಿತ್ರದುರ್ಗದಲ್ಲಿ ಬಾಳಿದ, ಮುಖ್ಯಮಂತ್ರಿಯಾಗಿದ್ದ ಹಿರಿಯರನ್ನು ನಾವು ನಿಜಲಿಂಗಪ್ಪನವರು ಅಂತಲೇ ಕರೆಯುತ್ತೇವೆ. ಬಾಯಲ್ಲಿ ಯಾರೂ ‘ನಿಜಲಿಂಗಪ್ಪರವರು’ ಅನ್ನುವುದಿಲ್ಲ. ಬ್ಯಾನರಿಗೆ ಬಂದ ಕೂಡಲೇ ಅದು ಹೇಗೆ ಸೇರಿಕೊಳ್ಳುತ್ತದೋ!

ಇಷ್ಟೇ ಉತ್ತರ. ಆದರೆ ಆ ‘ಯಾವುದರಲ್ಲಿ ಮರ್ಯಾದೆ ಜಾಸ್ತಿ’ ಅನ್ನುವ ಮಾತು ನನಗೆ ಸೇರುವುದಿಲ್ಲ. ಹೆಸರಿಗೆ ಎಷ್ಟು ಅಕ್ಷರ ಜೋಡಿಸಿದರೆ ಅಷ್ಟು ಮರ್ಯಾದೆ ಅಂದುಕೊಂಡಿದ್ದಾರೆ ಜನ. ಮುಂದೆ ಶ್ರೀ, ಅದರ ಹಿಂದೆ ಮಾನ್ಯ, ಕೊನೆಗೆ ರವರು. ಹೆಸರನ್ನು ಇಷ್ಟು ಜೋಪಾನ ಮಾಡುವವರು ವಾಕ್ಯದ ಕೊನೆಗೆ ಏನು ಬಂದಿದೆ ಅಂತ ನೋಡುವುದೇ ಇಲ್ಲ. ಮರ್ಯಾದೆ ಕೆಡುವುದು ಅಲ್ಲಿ. ಇದು ಪುಸ್ತಕ ಓದಿ ಹೇಳುವ ಮಾತಲ್ಲ. ನನ್ನ ಕೈಯಿಂದಲೇ ಕೆಟ್ಟಿದೆ.

ಕೆಲವು ವರ್ಷದ ಹಿಂದಿನ ಮಾತು. ಹತ್ತಿರದ ಒಂದು ಹಳ್ಳಿಯ ಮೇಷ್ಟ್ರು ನಿವೃತ್ತರಾಗುತ್ತಿದ್ದರು. ಅವರ ಹೆಸರು ಇಲ್ಲಿ ಬೇಡ, ಬಸಪ್ಪ ಅಂತಲೇ ಇಟ್ಟುಕೊಳ್ಳೋಣ. ಊರಿನವರು ಬಿನ್ನವತ್ತಳೆ ಬರೆದು ತಂದರು. ಬಿನ್ನವತ್ತಳೆ ಅಂದರೆ ಗೊತ್ತಲ್ವಾ, ಸನ್ಮಾನ ಮಾಡಿಸಿಕೊಳ್ಳುವವರನ್ನು ಎದುರಿಗೆ ಕೂರಿಸಿ, ಅವರನ್ನೇ ಮಾತಾಡಿಸುವ ಹಾಗೆ ಓದುವ ಪತ್ರ. ‘ಪೂಜ್ಯ ಗುರುಗಳೇ’ ಅಂತ ಶುರುವಾಗಿತ್ತು. ನಡುವೆ ಒಂದು ಸಾಲು:

“ಬಸಪ್ಪನವರೇ ಈ ಶಾಲೆಗೆ ಎರಡು ಕೊಠಡಿಗಳನ್ನು ಕಟ್ಟಿಸಿದರು.”

ನಾನು ಹಾಗೇ ಟೈಪ್ ಮಾಡಿದೆ. ಕಾಗುಣಿತ ನೋಡಿದೆ, ಹೆಸರು ದಪ್ಪ ಅಕ್ಷರದಲ್ಲಿದೆಯಾ ನೋಡಿದೆ, ಕಟ್ಟು ಹಾಕಿಸಿ ಕೊಟ್ಟೆ. ಎರಡು ದಿನ ಬಿಟ್ಟು ಆ ಊರಿನ ಹಿರಿಯರೊಬ್ಬರು ಪ್ರೆಸ್ಸಿಗೆ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಕೂರಲೂ ಇಲ್ಲ.

“ಏನ್ ತಂಗಿ, ಕೊಠಡಿ ಅವರೊಬ್ಬರೇ ಕಟ್ಟಿಸಿದ್ರೇನು? ನಾವು ಮೆಕ್ಕೆಜೋಳ ಮಾರಿ ಕೊಟ್ಟ ದುಡ್ಡು ಎಲ್ಲಿಗೆ ಹೋತು?”

“ಯಜಮಾನ್ರೇ, ಹಾಗೆ ಬರೆದಿಲ್ರಿ,” ಅಂದೆ. ಫೈಲ್ ತೆಗೆದು ನೋಡಿದೆ. ಹಾಗೇ ಬರೆದಿತ್ತು. ವೇದಿಕೆ ಮೇಲೆ, ಮೈಕಿನಲ್ಲಿ, ಇಡೀ ಊರಿನ ಮುಂದೆ ಅದನ್ನು ಓದಿದ್ದರು. ದುಡ್ಡು ಕೊಟ್ಟ ಐದಾರು ಮನೆಯವರು ಅಲ್ಲೇ ಕೂತಿದ್ದರು. ಮೇಷ್ಟ್ರಿಗೂ ತಲೆ ಎತ್ತಲಿಕ್ಕೆ ಆಗಲಿಲ್ಲವಂತೆ.

ಆದದ್ದು ಏನು ಅಂತ ಹೇಳುತ್ತೇನೆ. ಕನ್ನಡದಲ್ಲಿ ‘ಏ’ ಎರಡು ಕೆಲಸ ಮಾಡುತ್ತದೆ. ಒಂದು, ಕರೆಯುವುದು. ಶಾಲೆಯಲ್ಲಿ ಸಂಬೋಧನಾ ವಿಭಕ್ತಿಗೆ ಏ, ಆ, ಇರಾ ಅಂತ ಬಾಯಿಪಾಠ ಮಾಡಿದ್ದೇವಲ್ಲ, ಆ ಏ. ಗುರುಗಳೇ, ಗೌಡರೇ, ಬಸಪ್ಪನವರೇ. ಇನ್ನೊಂದು, ಒತ್ತಿ ಹೇಳುವುದು. ‘ಅವರೇ ಮಾಡಿದ್ದು’ ಅಂದರೆ ಬೇರೆ ಯಾರೂ ಅಲ್ಲ, ಅವರು. ಕಾಗದದ ಮೇಲೆ ಎರಡಕ್ಕೂ ಒಂದೇ ರೂಪ. ‘ಬಸಪ್ಪನವರೇ’ ಅನ್ನುವ ಪದ ಒಂಟಿಯಾಗಿ ನಿಂತಾಗ ಅದು ಕರೆಯುತ್ತಿದೆಯಾ, ಒತ್ತುತ್ತಿದೆಯಾ ಹೇಳಲು ಬರುವುದಿಲ್ಲ. ಅದನ್ನು ತೀರ್ಮಾನ ಮಾಡುವುದು ಮುಂದಿನ ಕ್ರಿಯಾಪದ.

‘ಬಸಪ್ಪನವರೇ, ಈ ಶಾಲೆಗೆ ಎರಡು ಕೊಠಡಿಗಳನ್ನು ಕಟ್ಟಿಸಿದಿರಿ.’ ಇದು ಅವರನ್ನು ಕರೆದು ಹೇಳುವ ಮಾತು.

‘ಬಸಪ್ಪನವರೇ ಈ ಶಾಲೆಗೆ ಎರಡು ಕೊಠಡಿಗಳನ್ನು ಕಟ್ಟಿಸಿದರು.’ ಇದು ಊರಿನವರಿಗೆ ಹೇಳುವ ಮಾತು, ಅದೂ ಕಟ್ಟಿಸಿದ್ದು ಅವರು ಮಾತ್ರ ಅಂತ ಒತ್ತಿ ಹೇಳುವ ಮಾತು.

ಬರೆದವರ ಮನಸ್ಸಿನಲ್ಲಿ ಇದ್ದದ್ದು ಮೊದಲನೆಯದು. ಮೇಷ್ಟ್ರನ್ನು ಕರೆದು ಶುರು ಮಾಡಿದರು. ಬರೆಯುತ್ತಾ ಬರೆಯುತ್ತಾ ಅವರು ಎದುರಿಗಿದ್ದಾರೆ ಅನ್ನುವುದು ಮರೆತು, ವರದಿ ಬರೆಯುವ ಹಾಗೆ ‘ದರು’ ಅಂತ ಮುಗಿಸಿದರು. ಹೆಸರಾದ ಮೇಲೆ ಅಲ್ಪವಿರಾಮ ಇದ್ದಿದ್ದರೆ ವಾಕ್ಯ ತಪ್ಪಾಗಿರುತ್ತಿತ್ತು, ಆದರೆ ಜಗಳ ಆಗುತ್ತಿರಲಿಲ್ಲ. ಅದೂ ಇಲ್ಲ, ‘ದಿರಿ’ಯೂ ಇಲ್ಲ. ಎರಡೂ ತಪ್ಪಿದ್ದಕ್ಕೆ ಐದಾರು ಮನೆಯವರ ದುಡ್ಡು ಒಬ್ಬರ ಹೆಸರಿಗೆ ಹೋಯಿತು.

ಗಮನಿಸಿ, ಎರಡರಲ್ಲೂ ಮರ್ಯಾದೆ ಇದೆ. ‘ಕಟ್ಟಿಸಿದರು’ ಅನ್ನುವುದೂ ಗೌರವದ ಬಹುವಚನವೇ, ‘ಕಟ್ಟಿಸಿದಿರಿ’ಯೂ ಬಹುವಚನವೇ. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ‘ಕಟ್ಟಿಸಿದ’ ಅಂತಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ‘ತಾವು’ ಬಂದಾಗ ಈ ತಪ್ಪು ಇನ್ನೂ ಜಾಸ್ತಿ. ‘ತಾವು ಮೂವತ್ತು ವರ್ಷ ಸೇವೆ ಸಲ್ಲಿಸಿದ್ದಾರೆ’ ಅಂತ ಬರೆದು ತರುತ್ತಾರೆ. ತಾವು ಅನ್ನುವುದು ಎದುರಿಗಿದ್ದವರಿಗೆ. ‘ತಾವು ಸಲ್ಲಿಸಿದ್ದೀರಿ’ ಅಂತಲೇ ಆಗಬೇಕು.

ಇದಕ್ಕೆ ನಾನು ಕಂಡುಕೊಂಡ ದಾರಿ ನಮ್ಮ ಊರಿನ ಮಾತಿನಲ್ಲೇ ಇದೆ. ಎದುರಿಗೆ ಬಂದ ಹಿರಿಯರನ್ನು “ಯಾವಾಗ ಬಂದ್ರಿ?” ಅಂತ ಕೇಳುತ್ತೇವೆ. ಅವರ ಬಗ್ಗೆ ಬೇರೆಯವರನ್ನು “ಯಾವಾಗ ಬಂದ್ರು?” ಅಂತ ಕೇಳುತ್ತೇವೆ. ರಿ, ರು. ಇದರಲ್ಲಿ ಚಿಕ್ಕ ಮಗುವೂ ತಪ್ಪುವುದಿಲ್ಲ. ಬರೆದ ವಾಕ್ಯವನ್ನು ಒಂದು ಸಲ ಬಾಯಿಮಾತಿಗೆ ತಿರುಗಿಸಿ ಓದಿ. ‘ಬಸಪ್ಪನವರೇ, ಕೊಠಡಿ ಕಟ್ಟಿಸಿದ್ರು’ ಅಂದಾಗ ನಾಲಿಗೆಯೇ ತಡೆಯುತ್ತದೆ. ಕಾಗದಕ್ಕೆ ಬರುವಾಗ ‘ರಿ’ ಇದ್ದದ್ದು ‘ದಿರಿ, ದ್ದೀರಿ, ತ್ತೀರಿ’ ಆಗುತ್ತದೆ. ‘ರು’ ಇದ್ದದ್ದು ‘ದರು’ ಆಗುತ್ತದೆ. ‘ಬಂದಾರೆ, ಬರ್ತಾರೆ’ ಅನ್ನುವಂಥವು ‘ದ್ದಾರೆ, ತ್ತಾರೆ’ ಆಗುತ್ತವೆ.

ಒಂದು ಕಡೆ ಮಾತ್ರ ಈ ದಾರಿ ನಡೆಯುವುದಿಲ್ಲ. ‘ಇಲ್ಲ’ ಬಂದಾಗ. ‘ಒಂದು ದಿನವೂ ತಡವಾಗಿ ಬರಲಿಲ್ಲ.’ ಯಾರು? ಹುಡುಗನೋ, ಮೇಷ್ಟ್ರೋ, ನೀವೋ? ಬರಲಿಲ್ಲ, ಬಂದಿಲ್ಲ, ಬರುವುದಿಲ್ಲ, ಇವುಗಳಲ್ಲಿ ಎಲ್ಲರಿಗೂ ಒಂದೇ ರೂಪ. ಮರ್ಯಾದೆಗೆ ಜಾಗವೇ ಇಲ್ಲ. ಪತ್ರಿಕೆಯವರು ‘ಬಸಪ್ಪ ಹೇಳಿದರು’ ಅಂತ ಬರಿ ಹೆಸರು ಬರೆದರೂ ನಡೆಯುತ್ತದೆ, ‘ದರು’ ಅದನ್ನು ಹೊತ್ತುಕೊಳ್ಳುತ್ತದೆ. ‘ಬಸಪ್ಪ ಬಂದಿಲ್ಲ’ ಅಂದಾಗ ಹೊರುವವರು ಯಾರೂ ಇಲ್ಲ. ಆಗ ಹೆಸರಿಗೆ ‘ನವರು’ ಬೇಕೇ ಬೇಕು, ಎದುರಿಗಿದ್ದರೆ ‘ನೀವು’ ಬೇಕೇ ಬೇಕು. “ಬಂದಿಲ್ರಿ” ಅನ್ನುತ್ತೇವಲ್ಲ ಅನ್ನಬಹುದು. ಆ ‘ರಿ’ ನಿಮ್ಮ ಮಾತು ಕೇಳುತ್ತಿರುವವರಿಗೆ ಸಲ್ಲುವ ಮರ್ಯಾದೆ. ಬರದೇ ಇದ್ದ ಬಸಪ್ಪನವರಿಗೆ ಸಲ್ಲುವುದಲ್ಲ.

ಇಷ್ಟೆಲ್ಲ ಕೇಳುವವರು ಒಂದು ಪ್ರಶ್ನೆ ಮಾತ್ರ ಇವತ್ತಿನವರೆಗೂ ಕೇಳಿಲ್ಲ. ‘ಮೇಷ್ಟ್ರ ಹೆಂಡತಿಗೆ ಯಾವ ಕ್ರಿಯಾಪದ ಹಾಕಲಿ?’ ಅಂತ.

ಅದೇ ಬಿನ್ನವತ್ತಳೆಯಲ್ಲಿ ಕೆಳಗೆ ಇನ್ನೊಂದು ಸಾಲು ಇತ್ತು. ‘ತಮ್ಮ ಧರ್ಮಪತ್ನಿ ಗೌರಮ್ಮ ತಮಗೆ ಹೆಗಲಾಗಿ ನಿಂತಳು.’ ಅವರ ಹೆಸರೂ ಗೌರಮ್ಮ ಅಲ್ಲ, ಆದರೆ ‘ನಿಂತಳು’ ಅನ್ನುವುದು ಇದ್ದದ್ದೇ. ಆ ತಾಯಿಗೆ ಅರವತ್ತರ ಹತ್ತಿರ. ಗಂಡನಿಗೆ ನವರು, ತಾವು, ದರು, ದಿರಿ ಎಲ್ಲ. ಹೆಂಡತಿಗೆ ಬರಿ ಹೆಸರು ಮತ್ತು ಒಂದು ‘ಳು’. ಎರಡು ಸಾಲಿನ ನಡುವೆ ಅಂತರ ಒಂದು ಬೆರಳಿನಷ್ಟಿಲ್ಲ. ಕೊಠಡಿಯ ಸಾಲಿಗೆ ಜಗಳಕ್ಕೆ ಬಂದವರು ಇದನ್ನೂ ಕೇಳಿಸಿಕೊಂಡಿದ್ದರು. ಇದರ ಬಗ್ಗೆ ಯಾರೂ ಬರಲಿಲ್ಲ. ನನಗೂ ಅವತ್ತು ಕಾಣಲಿಲ್ಲ, ಅದು ಇವತ್ತಿಗೂ ಸಂಕಟ.

ಹೀಗೆ ಹೇಳಿದಾಗ ಒಬ್ಬರು, “ಓಬವ್ವ ಒನಕೆಯಿಂದ ಹೊಡೆದಳು ಅಂತೀವಿ, ಅದರಲ್ಲಿ ಅಗೌರವ ಇದೆಯಾ?” ಅಂದರು. ಇಲ್ಲ. ಅದೇ ಮಾತಿನಲ್ಲಿ ಮದಕರಿ ನಾಯಕ ಕೋಟೆ ಕಾದ ಅಂತೀವಿ. ಇಬ್ಬರಿಗೂ ಏಕವಚನ, ಇಬ್ಬರ ಮೇಲೂ ಅಷ್ಟೇ ಪ್ರೀತಿ. ಮನೆಯಲ್ಲಿ ನಾನೂ ‘ಅವ್ವ ಬಂದ್ಲು’ ಅನ್ನುತ್ತೇನೆ. ನನ್ನ ಅವ್ವನಿಗೆ ನಾನು ‘ಬಂದ್ರು’ ಅಂದರೆ ಅವಳೇ ಮುನಿಸಿಕೊಳ್ಳುತ್ತಾಳೆ. ನಾನು ಹೇಳುತ್ತಿರುವುದು ಒಂದೇ ಕಾಗದದಲ್ಲಿ, ಒಂದೇ ವೇದಿಕೆಯಲ್ಲಿ, ಅಕ್ಕಪಕ್ಕ ಕೂತ ಇಬ್ಬರು ಹಿರಿಯರ ಬಗ್ಗೆ. ‘ದರು’ ಅನ್ನುವುದರಲ್ಲಿ ಗಂಡು ಹೆಣ್ಣು ಅನ್ನುವ ಭೇದವೇ ಇಲ್ಲ. ಬಸಪ್ಪನವರು ಬಂದರು, ಗೌರಮ್ಮನವರು ಬಂದರು. ಭಾಷೆ ಕೊಟ್ಟಿದೆ, ನಾವು ಬರೆಯುತ್ತಿಲ್ಲ.

ಆ ಹಿರಿಯರು ಬಂದ ದಿನವೇ ಬಿನ್ನವತ್ತಳೆಯನ್ನು ಹೊಸದಾಗಿ ಟೈಪ್ ಮಾಡಿ, ನನ್ನ ಖರ್ಚಿನಲ್ಲೇ ಕಟ್ಟು ಹಾಕಿಸಿ ಕಳಿಸಿದೆ. ‘ಗುರುಗಳೇ, ಊರಿನ ದಾನಿಗಳನ್ನು ಕೂಡಿಸಿಕೊಂಡು ಈ ಶಾಲೆಗೆ ಎರಡು ಕೊಠಡಿಗಳನ್ನು ಕಟ್ಟಿಸಿದಿರಿ.’ ಯಜಮಾನರು ಎದುರಿಗೆ ಕೂತು, ‘ದಾನಿಗಳನ್ನು’ ಅನ್ನುವಲ್ಲಿ ಬೆರಳಿಟ್ಟು ಓದಿ, ಟೀ ಕುಡಿದು ಹೋದರು. ಕೆಳಗಿನ ‘ನಿಂತಳು’ ಮಾತ್ರ ಆ ಎರಡನೇ ಪ್ರತಿಯಲ್ಲೂ ಹಾಗೇ ಉಳಿದಿದೆ. ನನಗೆ ಅದು ಕಣ್ಣಿಗೆ ಬಿದ್ದದ್ದು ಬೇರೆ ಊರಿನ ಬಿನ್ನವತ್ತಳೆಗೆ ಆ ಫೈಲ್ ತೆರೆದಾಗ, ಒಂದು ವರ್ಷದ ಮೇಲೆ. ಅಷ್ಟು ಹೊತ್ತಿಗೆ ಅದು ಮೇಷ್ಟ್ರ ಮನೆಯ ಪಡಸಾಲೆಯ ಗೋಡೆ ಮೇಲಿತ್ತು.