ಐದು ಕೊಟ್ಟುಕೊಂಡಿದ್ದೆ, 2.6 ಬಂತು

ನನ್ನ ಕೆಲಸದ ರೀತಿಗೆ ಸಹೋದ್ಯೋಗಿಗಳು, ಕೈಕೆಳಗಿನವರು, ಜೊತೆಗೆ ನಾನೂ ಅಂಕ ಹಾಕಿದ 360 ಡಿಗ್ರಿ ಫೀಡ್‌ಬ್ಯಾಕ್ ವರದಿ ಕೈಗೆ ಬಂದ ದಿನ ನಾನು ಮೊದಲು ನೋಡಿದ್ದು ಒಂದೇ ಸಾಲು. 'ನಿರ್ಧಾರ ಮಾಡುವ ಮುಂಚೆ ಬೇರೆಯವರ ಮಾತು ಕೇಳುತ್ತಾರೆ.' ನನಗೆ ನಾನೇ ಕೊಟ್ಟುಕೊಂಡಿದ್ದು ಐದಕ್ಕೆ 5. ಸಹೋದ್ಯೋಗಿಗಳ ಸರಾಸರಿ 4.2. ನನ್ನ ಕೈಕೆಳಗಿನ ಐದು ಜನರದ್ದು 2.6.

ಸಿಟ್ಟು ಬಂತು. 2.6 ಅಂದರೆ ಒಟ್ಟು 13 ಅಂಕ. ಯಾರೋ ಇಬ್ಬರು 1 ಕೊಟ್ಟು ಕೆಳಗೆ ಎಳೆದಿರಬೇಕು ಅಂತ ಮನಸ್ಸಿನಲ್ಲೇ ಹೆಸರು ಹುಡುಕಲು ಶುರು ಮಾಡಿದೆ. ಈ ಪತ್ತೇದಾರಿಕೆಯಷ್ಟು ದಂಡದ ಕೆಲಸ ಇನ್ನೊಂದಿಲ್ಲ, ಆದರೆ ಎಲ್ಲರೂ ಮಾಡೋದು ಇದನ್ನೇ ಅಲ್ವಾ? ಆಮೇಲೆ ಸರಾಸರಿಯ ಪಕ್ಕದಲ್ಲಿದ್ದ ಸಣ್ಣ ಪಟ್ಟಿ ನೋಡಿದೆ. ಯಾವ ಅಂಕ ಎಷ್ಟು ಜನ ಕೊಟ್ಟಿದ್ದಾರೆ ಅಂತ ಅಲ್ಲಿತ್ತು. 2 ಕೊಟ್ಟವರು ಮೂವರು, 3 ಒಬ್ಬರು, 4 ಒಬ್ಬರು. 1 ಯಾರೂ ಕೊಟ್ಟಿರಲಿಲ್ಲ. ಒಬ್ಬರ ಮುನಿಸಾಗಿದ್ದರೆ ಅಂಕ ಹೀಗೆ ಒಂದೇ ಕಡೆ ಗುಂಪುಗೂಡುತ್ತಿರಲಿಲ್ಲ.

ವರದಿ ವಿವರಿಸಲು ಬಂದ ಕೋಚ್ ಮೇಡಂ ಬೇರೆಯದೇ ಲೆಕ್ಕ ಹಾಕಿಸಿದರು. ಉಳಿದ ಪ್ರಶ್ನೆಗಳಲ್ಲಿ ನನಗೂ ಕಿರಿಯರಿಗೂ ಅಂತರ ಎಷ್ಟಿದೆ, ಬರೆಯಿರಿ ಅಂದರು. ಹೆಚ್ಚುಕಡಿಮೆ ಎಲ್ಲ ಕಡೆ ಅರ್ಧ ಅಂಕ. ನಾನು 4 ಅಂದಲ್ಲಿ ಅವರು 3.4, 3.6 ಅಂದಿದ್ದರು. "ಅದು ನಿಮ್ಮ ಮಾಮೂಲಿ ಅಂತರ. ತಮಗೆ ತಾವೇ ಸ್ವಲ್ಪ ಜಾಸ್ತಿ ಹಾಕ್ಕೊಳ್ಳೋರೇ ಹೆಚ್ಚು. ಅದನ್ನ ಬಿಡಿ, ಈ ಸಾಲಿನ 2.4 ಅಂತರ ನೋಡಿ," ಅಂದರು. ಐದೇ ಜನ ಇರುವಾಗ ಒಬ್ಬರು ಒಂದಂಕ ಕಮ್ಮಿ ಕೊಟ್ಟರೂ ಸರಾಸರಿ 0.2 ಇಳಿಯುತ್ತದೆ. ಸಣ್ಣಪುಟ್ಟ ಅಂತರಕ್ಕೆ ತಲೆ ಕೆಡಿಸಿಕೊಂಡರೆ ಸುಮ್ನೆ ನಿದ್ದೆ ಹಾಳು.

ಸಹೋದ್ಯೋಗಿಗಳು ಮಾತ್ರ 4.2 ಯಾಕೆ ಕೊಟ್ಟರು? ಅವರು ಸುಳ್ಳು ಹೇಳಿರಲಿಲ್ಲ. ಅವರ ಜೊತೆ ಕೂತಾಗ ಕೊನೆಯ ಮಾತು ನನ್ನದಲ್ಲ, ಹಾಗಾಗಿ ಕೇಳಿಸಿಕೊಳ್ಳುತ್ತೇನೆ. ಕಿರಿಯರು ನೋಡುವ ನಾನೇ ಬೇರೆ.

ಆ ವಾರ ನನ್ನ ತಂಡದವರನ್ನು ಕೂರಿಸಿಕೊಂಡೆ. ಯಾರು ಎಷ್ಟು ಕೊಟ್ಟಿರಿ ಅಂತ ಕೇಳಲಿಲ್ಲ. ಕೇಳಿದ್ದರೆ ಮುಂದಿನ ವರ್ಷ ಎಲ್ಲರೂ ಕಣ್ಣುಮುಚ್ಚಿ 5 ಹಾಕುತ್ತಿದ್ದರು. ಸೋಮವಾರದ ಮೀಟಿಂಗಲ್ಲಿ ಒಂದು ವಿಷಯ ಬದಲಾಯಿಸೋದಾದರೆ ಏನು ಬದಲಾಯಿಸ್ತೀರಿ, ಅಂದೆ. ಸ್ವಲ್ಪ ಹೊತ್ತು ಫ್ಯಾನಿನ ಸದ್ದೊಂದೇ. ಕೊನೆಗೆ ಒಬ್ಬ ಹುಡುಗ ಬಾಯಿ ಬಿಟ್ಟ.

"ಸರ್, ನೀವು 'ಏನಂತೀರಾ' ಅಂತ ಕೇಳೋ ಹೊತ್ತಿಗೆ ಬೋರ್ಡ್ ಮೇಲೆ ಉತ್ತರ ಬರೆದಾಗಿರುತ್ತೆ."

ನಾನು ಪ್ರತಿ ಸಲ ಕೇಳುತ್ತೇನೆ ಅನ್ನೋದು ನಿಜ. ಅದಕ್ಕೇ 5 ಕೊಟ್ಟುಕೊಂಡಿದ್ದೆ. ಆದರೆ ಅವರು ಅಂಕ ಹಾಕಿದ್ದು ಕೇಳಿದ್ದಕ್ಕಲ್ಲ, ಕೇಳಿದ ಹೊತ್ತಿಗೆ.

ಮುಂದಿನ ಸೋಮವಾರ ಮಾರ್ಕರ್ ಆ ಹುಡುಗನ ಕೈಗೆ ಕೊಟ್ಟು ಹಿಂದೆ ಹೋಗಿ ಕೂತೆ. ನಾಲ್ಕು ನಿಮಿಷ ಬೋರ್ಡ್ ಖಾಲಿಯೇ ಇತ್ತು. ಎರಡು ಸಲ ಎದ್ದು ನಿಲ್ಲಲು ಹೊರಟು, ಹಾಗೇ ಕೂತುಕೊಂಡೆ.