ಖಾಲಿ ಗೂಡಿನ ಲೆಕ್ಕ

0!, ಅಂದರೆ ಸೊನ್ನೆಯ ಫ್ಯಾಕ್ಟೋರಿಯಲ್, ಏಕೆ 1 ಎಂದು ಮಗಳು ನಿನ್ನೆ ಕೇಳಿದ್ದ ಪ್ರಶ್ನೆಗೆ, ಇಂದು ಬೆಳಿಗ್ಗೆ ಅಡುಗೆಮನೆಯ ಗೂಡನ್ನು ಒರೆಸಲು ಡಬ್ಬಿಗಳನ್ನು ಇಳಿಸುವಾಗ ಉತ್ತರ ಸಿಕ್ಕಿತು.

ಕಾಫಿಪುಡಿ, ಸಕ್ಕರೆ, ಬೆಲ್ಲದ ಮೂರು ಡಬ್ಬಿಗಳನ್ನು ಸಾಲಾಗಿಡಲು 3!, ಅಂದರೆ 3 × 2 × 1 = 6 ಕ್ರಮಗಳಿವೆ, ಏಕೆಂದರೆ ಮೊದಲ ಜಾಗಕ್ಕೆ ಮೂರು ಆಯ್ಕೆ, ಎರಡನೆಯದಕ್ಕೆ ಎರಡು, ಕೊನೆಯದಕ್ಕೆ ಒಂದೇ. ಬೆಲ್ಲವನ್ನು ಇಳಿಸಿದರೆ 2 ಕ್ರಮ, ಸಕ್ಕರೆಯನ್ನೂ ಇಳಿಸಿದರೆ 1.

ಕಾಫಿಪುಡಿಯನ್ನೂ ಇಳಿಸಿದೆ.

"ಈಗ ಏನೂ ಇಲ್ಲವಲ್ಲ, ಸೊನ್ನೆ ತಾನೇ ಅಪ್ಪ?" ಎಂದಳು. ಡಬ್ಬಿಗಳು ಸೊನ್ನೆ, ನಿಜ. ಆದರೆ ನಾವು ಎಣಿಸುತ್ತಿದ್ದುದು ಗೂಡು ಎಷ್ಟು ಬಗೆಯಲ್ಲಿ ಕಾಣಬಹುದು ಎಂಬುದನ್ನು, ಮತ್ತು ಇಡಲು ಏನೂ ಇಲ್ಲದ ಗೂಡು ಖಾಲಿಯಾಗಿ, ಆ ಒಂದೇ ಬಗೆಯಲ್ಲಿ, ಕಣ್ಣೆದುರೇ ಇತ್ತು. ಮೂರು ಡಬ್ಬಿಗಳನ್ನು ಪೇರಿಸದೆ ಎರಡೇ ಜಾಗದಲ್ಲಿಡು ಎಂದಿದ್ದರೆ ಅದು ಆಗದ ಕೆಲಸ. ಸೊನ್ನೆ ಎಂಬ ಉತ್ತರ ಅಲ್ಲಿಗೆ ಸಲ್ಲುತ್ತದೆ.

ಅವಳಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಹಾಗಾಗಿ ಮೂರರಲ್ಲಿ ಮೂರನ್ನೂ ಆರಿಸುವ ಲೆಕ್ಕ ಮಾಡಿಸಿದೆ. ಎಲ್ಲವನ್ನೂ ಎತ್ತಿಕೊಳ್ಳುವುದು ಒಂದೇ ಬಗೆಯೆಂದು ಯಾರಿಗಾದರೂ ಗೊತ್ತು, ಸೂತ್ರ 3!/(3! × 0!) ಎನ್ನುತ್ತದೆ. ಅಲ್ಲಿ 0! ಸೊನ್ನೆಯಾದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, 1 ಆದರೆ ಮಾತ್ರ ಉತ್ತರ ಒಂದಾಗುತ್ತದೆ. ಆಮೇಲೆ ಅವಳೇ ಡಬ್ಬಿಗಳನ್ನು ಮೇಲಿಟ್ಟಳು, ಬೆಲ್ಲ ಮೊದಲು.