ಕನ್ಸಾಲಿಡೇಶನ್ ಶೀಟ್ ಕಟ್ಟುತ್ತಿದ್ದೇನೆ: ಆ 4 ಎಲ್ಲಿಂದ ಬಂತು?

ದಿನ 1

ಸಂಜೆ ಹೊತ್ತು ಸ್ವಲ್ಪ ಸ್ವಲ್ಪವಾಗಿ ಒಂದು ಸ್ಪ್ರೆಡ್‌ಶೀಟ್ ಕಟ್ಟುತ್ತಿದ್ದೇನೆ. ಮಾತೃಸಂಸ್ಥೆ ಮತ್ತು ಅಂಗಸಂಸ್ಥೆಯ ಲೆಕ್ಕ ಹಾಕಿದರೆ ಸಮೂಹದ ಲೆಕ್ಕ ತಾನಾಗಿ ಬರಬೇಕು, ಅಷ್ಟೇ ಆಸೆ. ಕಂಪನಿಗಳು ಕಾಲ್ಪನಿಕ, ಹೆಸರು ಪಿ ಮತ್ತು ಎಸ್. ವರ್ಷದ ಮೊದಲ ದಿನ ಪಿ, ಎಸ್‌ನ ಶೇ. 80 ಷೇರುಗಳನ್ನು 800 ಕೊಟ್ಟು ಕೊಂಡಿದೆ. ಉಳಿದ ಶೇ. 20 ಬೇರೆಯವರ ಕೈಯಲ್ಲೇ ಇದೆ. ಎಲ್ಲ ಅಂಕಿ ಸಾವಿರದಲ್ಲಿ, ತೆರಿಗೆಯನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ.

ಮೊದಲ ಸಾಲಿನಲ್ಲೇ ಎಡವಿದೆ. ಪಿ ಬಳಿ ಇರೋದು ಶೇ. 80 ತಾನೇ ಅಂತ ಎಸ್‌ನ ಪ್ರತಿ ಅಂಕಿಯನ್ನೂ 0.8ರಿಂದ ಗುಣಿಸಿ ಕೂಡಿಸಿದೆ. ಅದು ತಪ್ಪು. ಎಸ್‌ನ ಗೋದಾಮಿನ ಶೇ. 80 ಭಾಗವನ್ನು ಮಾತ್ರ ಪಿ ನಡೆಸುವುದಿಲ್ಲ, ಇಡೀ ಗೋದಾಮು ಅದರ ಹಿಡಿತದಲ್ಲಿದೆ. ಹಾಗಾಗಿ ಆಸ್ತಿ, ಸಾಲ, ಆದಾಯ, ಖರ್ಚು ಎಲ್ಲವನ್ನೂ ಪೂರ್ತಿ ನೂರಕ್ಕೆ ನೂರು, ಸಾಲಿಗೆ ಸಾಲು ಕೂಡಿಸಬೇಕು. ಬೇರೆಯವರ ಪಾಲನ್ನು ಕೊನೆಯಲ್ಲಿ ಈಕ್ವಿಟಿಯೊಳಗೆ ಒಂದು ಪ್ರತ್ಯೇಕ ಸಾಲಾಗಿ ತೋರಿಸಬೇಕು. ಆ ಸಾಲೇ ನಾನ್-ಕಂಟ್ರೋಲಿಂಗ್ ಇಂಟರೆಸ್ಟ್, ಚಿಕ್ಕದಾಗಿ ಎನ್‌ಸಿಐ. ಹಳೆಯ ಪುಸ್ತಕಗಳಲ್ಲಿ ಮೈನಾರಿಟಿ ಇಂಟರೆಸ್ಟ್ ಅಂತಿರುತ್ತದೆ. ಅದು ಸಾಲದ ಪಟ್ಟಿಗೆ ಹೋಗುವುದಿಲ್ಲ, ಯಾಕೆಂದರೆ ಅವರಿಗೆ ಯಾರೂ ಏನನ್ನೂ ವಾಪಸ್ ಕೊಡಬೇಕಾಗಿಲ್ಲ. ಅವರೂ ಒಡೆಯರೇ, ಆದರೆ ಎಸ್‌ನಲ್ಲಿ ಮಾತ್ರ.

ದಿನ 3

ಕೊಂಡ ದಿನದ ಲೆಕ್ಕ ಕೂತಿತು. ಎಸ್‌ನ ಪುಸ್ತಕದಲ್ಲಿ ಷೇರು ಬಂಡವಾಳ 500, ಮೀಸಲು 300, ಒಟ್ಟು 800. ಆದರೆ ಅದರ ಒಂದು ಯಂತ್ರದ ನಿಜವಾದ ಬೆಲೆ ಪುಸ್ತಕದ ಬೆಲೆಗಿಂತ 100 ಜಾಸ್ತಿ, ಇನ್ನು 5 ವರ್ಷ ಬಾಳಿಕೆ. ಸಮೂಹದ ಕಣ್ಣಿಗೆ ಎಸ್‌ನ ನಿವ್ವಳ ಆಸ್ತಿ 900. ಅದರ ಶೇ. 20, ಅಂದರೆ 180, ಎನ್‌ಸಿಐ. ಕೊಟ್ಟ 800ಕ್ಕೆ ಈ 180 ಸೇರಿಸಿ 900 ಕಳೆದರೆ ಗುಡ್‌ವಿಲ್ 80.

ಪಿ ಪುಸ್ತಕದ 800ರ ಹೂಡಿಕೆ ಮತ್ತು ಎಸ್ ಪುಸ್ತಕದ 800ರ ಈಕ್ವಿಟಿ ಎರಡೂ ಇಲ್ಲಿಗೆ ಮಾಯ. ಎರಡೂ 800 ಆಗಿದ್ದು ಬರೀ ಕಾಕತಾಳೀಯ. ಅದು ನನ್ನನ್ನೇ ಒಂದು ಗಂಟೆ ದಾರಿ ತಪ್ಪಿಸಿತು. ಹೊಸದಾಗಿ ಕಟ್ಟುವವರು ಬೇರೆ ಬೇರೆ ಅಂಕಿ ಇಟ್ಟುಕೊಳ್ಳಿ.

ದಿನ 6

ಮೊದಲ ವರ್ಷದ ವ್ಯವಹಾರ ಹಾಕಿದೆ. ಎಸ್‌ನ ಲಾಭ 150, ಅದರಲ್ಲಿ ಹಂಚಿದ ಡಿವಿಡೆಂಡ್ 50. ಪಿ ಲಾಭ 400, ಅದರೊಳಗೆ ಎಸ್‌ನಿಂದ ಬಂದ ಡಿವಿಡೆಂಡ್ 40 ಸೇರಿದೆ. ಈ 40 ತೆಗೆಯಲೇಬೇಕು, ಇಲ್ಲವಾದರೆ ಒಂದೇ ಲಾಭವನ್ನು ಎರಡು ಸಲ ಎಣಿಸಿದ ಹಾಗೆ.

ಇದರ ಜೊತೆ ಒಂದು ಒಳವ್ಯಾಪಾರ. ಎಸ್ 150ಕ್ಕೆ ಕೊಂಡ ಸರಕನ್ನು ಪಿಗೆ 200ಕ್ಕೆ ಮಾರಿದೆ. ವರ್ಷದ ಕೊನೆಗೆ ಅದರ ಶೇ. 40 ಪಿ ದಾಸ್ತಾನಿನಲ್ಲೇ ಉಳಿದಿದೆ. ಆದಾಯದಿಂದ 200, ಮಾರಾಟದ ವೆಚ್ಚದಿಂದ 200 ತೆಗೆದೆ. ಉಳಿದ ಸರಕಿನಲ್ಲಿ 50ರ ಶೇ. 40, ಅಂದರೆ 20 ಲಾಭ ಕೂತಿದೆ. ಸಮೂಹದ ಹೊರಗಿನವರು ಯಾರೂ ಅದನ್ನಿನ್ನೂ ಕೊಂಡಿಲ್ಲ. ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿದರೆ ಲಾಭ ಆಗುತ್ತದಾ? ದಾಸ್ತಾನಿನಿಂದಲೂ ಲಾಭದಿಂದಲೂ 20 ಇಳಿಸಿದೆ. ಯಂತ್ರದ ಹೆಚ್ಚುವರಿ ಸವಕಳಿ ಇನ್ನೊಂದು 20.

ಸಮೂಹದ ಲಾಭ: 400ರಿಂದ 40 ಕಳೆದು, ಎಸ್‌ನ 150 ಕೂಡಿಸಿ, ಎರಡು 20 ಕಳೆದರೆ 470. ಬ್ಯಾಲೆನ್ಸ್ ಶೀಟ್ ಒಂದೇ ಸಲಕ್ಕೆ ಟ್ಯಾಲಿ ಆಯಿತು. ಖುಷಿಯಿಂದ ಮಲಗಿದೆ.

ದಿನ 7

ಖುಷಿ ಒಂದೇ ದಿನದ್ದು. ಎನ್‌ಸಿಐಯನ್ನು ಎರಡು ದಾರಿಯಲ್ಲಿ ಲೆಕ್ಕ ಹಾಕಿ ಹೋಲಿಸುವ ಒಂದು ಸೆಲ್ ಸುಮ್ನೆ ಸೇರಿಸಿದ್ದೆ:

```
NCI_close = NCI_open + 20% * S_adj_profit - 20% * S_dividend
NCI_check = 20% * (S_book_equity + FV_left - unrealised)
```

ಮೊದಲ ದಾರಿ ಆರಂಭದಿಂದ ನಡೆದು ಬರುತ್ತದೆ. ಎರಡನೆಯದು ವರ್ಷದ ಕೊನೆಯ ನಿವ್ವಳ ಆಸ್ತಿಯಿಂದ ನೇರವಾಗಿ. ಮೊದಲನೆಯದು 196 ಅಂದಿತು, ಎರಡನೆಯದು 192. ವ್ಯತ್ಯಾಸ 4.

20ರ ಶೇ. 20 ಎಂದರೆ 4. ಅಂದರೆ ಯಾವುದೋ ಒಂದು 20 ಎಸ್‌ನ ಲಾಭಕ್ಕೆ ತಟ್ಟಿಲ್ಲ. ಸವಕಳಿಯನ್ನು ಎಸ್‌ನ ಕಾಲಂನಲ್ಲೇ ಹಾಕಿದ್ದೆ. ದಾಸ್ತಾನಿನ 20 ಮಾತ್ರ ಪಿ ಕಾಲಂನಲ್ಲಿತ್ತು, ಸರಕು ಪಿ ಗೋದಾಮಿನಲ್ಲಿದೆ ಅಂತ. ಆದರೆ ಕೇಳಬೇಕಾದ್ದು ಸರಕು ಎಲ್ಲಿದೆ ಅಂತ ಅಲ್ಲ, ಲಾಭ ಬರೆದುಕೊಂಡವರು ಯಾರು ಅಂತ. ಮಾರಿದ್ದು ಎಸ್. ಆದ್ದರಿಂದ ಎಸ್‌ನ ತಿದ್ದಿದ ಲಾಭ 150 - 20 - 20 = 110. ಎನ್‌ಸಿಐ ಪಾಲು 22. ಆರಂಭದ 180ಕ್ಕೆ 22 ಕೂಡಿಸಿ, ಅವರಿಗೆ ಹೋದ ಡಿವಿಡೆಂಡ್ 10 ಕಳೆದರೆ 192. ಇನ್ನೊಂದು ದಾರಿಯಲ್ಲಿ ಎಸ್‌ನ ಪುಸ್ತಕದ ಈಕ್ವಿಟಿ 900, ಯಂತ್ರದ ಹೆಚ್ಚುವರಿ 100ರಲ್ಲಿ ಸವಕಳಿ ಕಳೆದು ಉಳಿದ 80, ದಾಸ್ತಾನಿನ 20: 900 + 80 - 20 = 960, ಅದರ ಶೇ. 20 ಕೂಡ 192. ಪಿ ಮಾರಿ ಎಸ್ ಕೊಂಡಿದ್ದರೆ ಇಡೀ 20 ಪಿ ಪಾಲಿಗೇ ಹೋಗುತ್ತಿತ್ತು, ಎನ್‌ಸಿಐಗೆ ಬಿಸಿ ತಟ್ಟುತ್ತಿರಲಿಲ್ಲ.

ನನಗೆ ಕಿರಿಕಿರಿ ಆಗಿದ್ದು ಬೇರೆ ವಿಷಯಕ್ಕೆ. ತಪ್ಪಿದ್ದಾಗಲೂ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗಿತ್ತು! ಒಟ್ಟು ಲಾಭ ಎರಡೂ ಸಲ 470. ತಪ್ಪಾಗಿ 444 ಮತ್ತು 26 ಎಂದು ಒಡೆದಿದ್ದೆ, ಸರಿಯಾದದ್ದು 448 ಮತ್ತು 22. ಮಾತೃಸಂಸ್ಥೆಯ ಒಡೆಯರ ಪಾಲೂ ಎನ್‌ಸಿಐಯೂ ಎರಡೂ ಈಕ್ವಿಟಿಯೊಳಗೇ ಇರುವುದರಿಂದ ಹಂಚಿಕೆಯ ತಪ್ಪು ಅಲ್ಲೇ ಅಡಗಿಕೊಳ್ಳುತ್ತದೆ. ಲಾಭ-ನಷ್ಟ ಪಟ್ಟಿಯ ಕೆಳಗೆ ಈ ಎರಡು ಪಾಲನ್ನು ಬಿಡಿಸಿ ತೋರಿಸಬೇಕು, ಹಾಗಾಗಿ ತಪ್ಪಿದರೆ ನೇರವಾಗಿ ಓದುಗರ ಕಣ್ಣಿಗೇ ತಪ್ಪು ಅಂಕಿ.

ದಿನ 12

ಎರಡನೇ ವರ್ಷ. ಎಸ್ ಲಾಭ 120, ಡಿವಿಡೆಂಡ್ ಇಲ್ಲ, ಹೊಸ ಒಳವ್ಯಾಪಾರ ಇಲ್ಲ. ಹಳೆಯ ಸರಕನ್ನು ಪಿ ಹೊರಗಿನವರಿಗೆ ಮಾರಿ ಮುಗಿಸಿದೆ. ಈ ಸಲ ಬ್ಯಾಲೆನ್ಸ್ ಶೀಟೇ 20ರಷ್ಟು ಹೊಂದಲಿಲ್ಲ.

ಕಾರಣ ಸಿಗಲು ಹೊತ್ತು ಹಿಡಿಯಲಿಲ್ಲ. ಕನ್ಸಾಲಿಡೇಶನ್ ಎಂಟ್ರಿಗಳು ಯಾರ ಪುಸ್ತಕದಲ್ಲೂ ಇರುವುದಿಲ್ಲ, ನನ್ನ ಶೀಟ್‌ನಲ್ಲಿ ಮಾತ್ರ ಬದುಕುತ್ತವೆ. ಹೋದ ವರ್ಷ 20 ಇಳಿಸಿದ್ದು ಪಿಗೂ ಗೊತ್ತಿಲ್ಲ, ಎಸ್‌ಗೂ ಗೊತ್ತಿಲ್ಲ. ಆದ್ದರಿಂದ ಪ್ರತಿ ವರ್ಷವೂ ಹಳೆಯ ತಿದ್ದುಪಡಿಗಳನ್ನು ಮೊದಲಿನಿಂದ ಮತ್ತೆ ಹಾಕಬೇಕು. ನಾನು ಆರಂಭದ ಮೀಸಲಿನಿಂದ 16, ಎನ್‌ಸಿಐಯಿಂದ 4 ಇಳಿಸಿದ್ದೆ. ಆದರೆ ಈ ವರ್ಷ ಹೊರಗೆ ಮಾರಿದ್ದರಿಂದ ಆ 20 ಈಗ ನಿಜವಾದ ಲಾಭವಾಗಿದೆ, ಅದನ್ನು ಮಾರಾಟದ ವೆಚ್ಚದಲ್ಲಿ ವಾಪಸ್ ಕೊಡುವುದನ್ನು ಮರೆತಿದ್ದೆ. ಸರಿಪಡಿಸಿದ ಮೇಲೆ ಎಸ್‌ನ ತಿದ್ದಿದ ಲಾಭ 120 - 20 + 20 = 120. ಎನ್‌ಸಿಐ 192 + 24 = 216. ಎರಡನೇ ದಾರಿ: 1020 + 60 = 1080, ಅದರ ಶೇ. 20, ಅದೇ 216.

ದಿನ 15

ಚಿಕ್ಕ ಬದಲಾವಣೆ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಫ್‌ಆರ್‌ಎಸ್ 3ರ ಪ್ರಕಾರ ಕೊಂಡ ದಿನ ಎನ್‌ಸಿಐಯನ್ನು ಅದರ ನ್ಯಾಯಬೆಲೆಗೂ ಅಳೆಯಬಹುದು. ಆ ಬೆಲೆ 195 ಎಂದಿಟ್ಟುಕೊಂಡು ಓಡಿಸಿದೆ. ಗುಡ್‌ವಿಲ್ 80ರಿಂದ 95ಕ್ಕೆ ಏರಿತು, ಚೆಕ್ ಸೆಲ್ ಪ್ರತಿ ವರ್ಷವೂ 15 ತಪ್ಪು ಅಂತ ಕೂಗಿತು. ಅದು ತಪ್ಪಲ್ಲ, ಗುಡ್‌ವಿಲ್‌ನಲ್ಲಿ ಎನ್‌ಸಿಐಯ ಪಾಲು. ಈ ಆಯ್ಕೆಗೆ ಚೆಕ್‌ನಲ್ಲಿ ಆ 15 ಕೂಡಿಸುವ ಸ್ವಿಚ್ ಇಟ್ಟೆ. ಗುಡ್‌ವಿಲ್ ಮೌಲ್ಯ ಕುಸಿದರೆ ಆ 15ನ್ನೂ ಇಳಿಸಬೇಕಾಗುತ್ತದೆ, ಅದನ್ನಿನ್ನೂ ಬರೆದಿಲ್ಲ.

ದಿನ 19

ಎರಡನೇ ವರ್ಷದ ಕೊನೆಯ ದಿನ ಪಿ ಇನ್ನೂ ಶೇ. 10 ಷೇರು 130 ಕೊಟ್ಟು ಕೊಂಡರೆ? ಹಳೆಯ 180ರ ಲೆಕ್ಕದಲ್ಲೇ ಓಡಿಸಿದೆ. ಎನ್‌ಸಿಐ 216ರ ಅರ್ಧ, 108 ಇಳಿಯುತ್ತದೆ. ಹೆಚ್ಚು ಕೊಟ್ಟ 22 ಗುಡ್‌ವಿಲ್ ಆಗಬೇಕು ಅಂತ ಬೆರಳು ತಾನಾಗೇ ಆ ಸೆಲ್‌ಗೆ ಹೋಯಿತು. ಆದರೆ ಎಸ್ ಮೇಲೆ ಪಿಯ ಹಿಡಿತ ಮೊದಲೇ ಇತ್ತು, ಆದ್ದರಿಂದ ಇದು ಒಡೆಯರ ನಡುವಿನ ವ್ಯವಹಾರ ಅಷ್ಟೇ. ಹೊಸ ಗುಡ್‌ವಿಲ್ ಇಲ್ಲ, ನಷ್ಟವೂ ಇಲ್ಲ. ಆ 22 ನೇರವಾಗಿ ಪಿ ಒಡೆಯರ ಈಕ್ವಿಟಿಯಿಂದ ಕಳೆಯುತ್ತದೆ. ಸೂತ್ರದಲ್ಲಿ 20% ಅಂತ ಕೈಯಾರೆ ಬರೆದಿದ್ದ ಜಾಗಗಳನ್ನೆಲ್ಲ ಈಗ ಹುಡುಕಿ ತೆಗೆಯುತ್ತಿದ್ದೇನೆ. ಹನ್ನೊಂದು ಸಿಕ್ಕಿವೆ.